ಬೆಲ್ಲದ ಪಾಕದ ಹದ

ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಕುದಿಸುತ್ತ ಹೋದಾಗ ಅದರ ನೀರಿನಂಶ ಇಳಿದಂತೆಲ್ಲ, ತಣಿದ ಮೇಲೆ ಅದು ತಳೆಯುವ ಗಟ್ಟಿತನದ ಹಂತಗಳನ್ನು ಬೆಲ್ಲದ ಪಾಕದ ಹದ ಎನ್ನುತ್ತಾರೆ. ಚಿಕ್ಕಿ, ಎಳ್ಳುಂಡೆ, ಕಡಲೆಕಾಯಿ ಉಂಡೆ, ಪುರಿ ಉಂಡೆ, ಕಜ್ಜಾಯ ಮೊದಲಾದ ತಿನಿಸುಗಳಲ್ಲಿ ಒಂದೊಂದಕ್ಕೂ ಒಂದೊಂದು ಹದ ಬೇಕು. ಅಡುಗೆಮನೆಯಲ್ಲಿ ಹದವನ್ನು ಉಷ್ಣಮಾಪಕವಿಲ್ಲದೆ, ಎಳೆ ತೆಗೆದು, ನೀರಿಗೆ ಬಿಟ್ಟು, ತಟ್ಟೆಗೆ ಬಡಿದು, ಮುರಿದು, ಕಚ್ಚಿ ಗುರುತಿಸುತ್ತಾರೆ. ಇವುಗಳಲ್ಲಿ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡುವ ಪರೀಕ್ಷೆ ಮುಖ್ಯವಾದುದು; ಉಳಿದವು ಬಹುಮಟ್ಟಿಗೆ ಅದರ ಮುಂದುವರಿಕೆ.

ಈ ಲೇಖನದಲ್ಲಿ ಪಾಕ ಎಂದರೆ ಕುದಿದು ಗಟ್ಟಿಯಾಗುತ್ತಿರುವ ಬೆಲ್ಲದ ದ್ರವ. ಹದ ಎಂದರೆ ಆ ದ್ರವ ತಣಿದಾಗ ತೋರುವ ಗುಣ. ಬಾಣಲೆಯಲ್ಲಿ ಕುದಿಯುವಾಗ ಎಲ್ಲ ಹದದ ಪಾಕವೂ ತೆಳ್ಳಗೆ ಹರಿಯುತ್ತಲೇ ಇರುವುದರಿಂದ, ತಣಿಸದೆ ಹದ ತಿಳಿಯುವುದಿಲ್ಲ.

ಮೂಲ

ಪಾಕವನ್ನು ಬೆರಳಿನಿಂದ ಮತ್ತು ನೀರಿನಿಂದ ಪರೀಕ್ಷಿಸುವ ಕ್ರಮ ಭಾರತದಲ್ಲಿ ಹಳೆಯದು. ಮಧ್ಯಯುಗದ ಆಯುರ್ವೇದ ಗ್ರಂಥವಾದ ಶಾರ್ಙ್ಗಧರ ಸಂಹಿತೆ ಲೇಹ್ಯ ಸರಿಯಾಗಿ ಬೆಂದಿದೆ ಎಂಬುದಕ್ಕೆ ಕೆಲವು ಗುರುತುಗಳನ್ನು ಕೊಡುತ್ತದೆ: ಪಾಕ ಎಳೆ ಬಿಡಬೇಕು, ನೀರಿಗೆ ಹಾಕಿದರೆ ಮುಳುಗಬೇಕು, ಹರಡದೆ ನಿಲ್ಲಬೇಕು, ಒತ್ತಿದರೆ ಬೆರಳಿನ ಗುರುತು ಮೂಡಬೇಕು, ಅದಕ್ಕೆ ತಕ್ಕ ವಾಸನೆ, ಬಣ್ಣ, ರುಚಿ ಬಂದಿರಬೇಕು. ಇಂದು ಉಂಡೆ ಕಟ್ಟುವವರು ನೋಡುವ ಲಕ್ಷಣಗಳೂ ಹೆಚ್ಚುಕಡಿಮೆ ಇವೇ.

ಬೆಲ್ಲ ತಯಾರಾಗುವುದೂ ಇದೇ ಪರೀಕ್ಷೆಯಿಂದ. ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಗಟ್ಟಿಯಾಗುತ್ತ ಬಂದಾಗ, ಬೆಲ್ಲ ಇಳಿಸುವವರು ಸ್ವಲ್ಪ ಪಾಕವನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ. ಅದು ಬೆರಳಿಗೆ ಉಂಡೆಯಾಗಿ ಸಿಕ್ಕರೆ ಕೊಪ್ಪರಿಗೆಯನ್ನು ಇಳಿಸಿ, ಅಗಲವಾದ ತೊಟ್ಟಿಗೆ ಸುರಿದು, ಕಲಕಿ, ಅಚ್ಚಿಗೆ ಹಾಕುತ್ತಾರೆ. ಎಂದರೆ ಅಂಗಡಿಯಿಂದ ತಂದ ಅಚ್ಚು ಬೆಲ್ಲ ಒಮ್ಮೆ ಉಂಡೆ ಹದವನ್ನು ಮುಟ್ಟಿಯೇ ಬಂದಿರುತ್ತದೆ. ಮನೆಯಲ್ಲಿ ಅದಕ್ಕೆ ನೀರು ಹಾಕಿ ಕರಗಿಸುವುದು ಆ ಹದದಿಂದ ಹಿಂದಕ್ಕೆ ತಂದಂತೆ. ಕುದಿಸುವುದು ಮತ್ತೆ ಅಲ್ಲಿಗೆ, ಚಿಕ್ಕಿಯಾದರೆ ಅದನ್ನೂ ದಾಟಿ, ಒಯ್ಯುವುದು.

ಪಾಕ ಏರುವ ಬಗೆ

ಹದವನ್ನು ನಿರ್ಧರಿಸುವುದು ಪಾಕದಲ್ಲಿ ಉಳಿದ ನೀರು. ನೀರು ಕಡಿಮೆಯಾದಂತೆ ಪಾಕದ ಕುದಿಬಿಂದು ಏರುತ್ತದೆ. ಆದ್ದರಿಂದಲೇ ಉಷ್ಣಮಾಪಕದಿಂದ ಹದ ಹೇಳಲು ಸಾಧ್ಯ. ಆದರೆ ಉಷ್ಣತೆ ಇಲ್ಲಿ ನೀರಿನಂಶದ ಪರೋಕ್ಷ ಸೂಚನೆ ಮಾತ್ರ. ತಣಿದ ಹನಿಯ ಗಟ್ಟಿತನ ಆ ನೀರಿನಂಶದ ನೇರ ಫಲ, ಮತ್ತು ತಿನ್ನುವವರಿಗೆ ಬೇಕಾದದ್ದೂ ಅದೇ ಗಟ್ಟಿತನ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. 200 ಗ್ರಾಂ ಬೆಲ್ಲಕ್ಕೆ 50 ಮಿಲಿಲೀಟರ್ ನೀರು ಹಾಕಿದರೆ, ಬೆಲ್ಲದಲ್ಲೇ ಇರುವ ಸುಮಾರು 10 ಗ್ರಾಂ ತೇವವೂ ಸೇರಿ ಒಟ್ಟು 60 ಗ್ರಾಂ ನೀರಾಗುತ್ತದೆ. ಮೆತ್ತಗಿನ ಉಂಡೆ ಹದದಲ್ಲಿ ಪಾಕದ ಶೇಕಡಾ 85ರಷ್ಟು ಸಕ್ಕರೆಯಂಶ ಎಂದು ಹಿಡಿದರೆ ಅದರಲ್ಲಿ ಉಳಿದ ನೀರು 33 ಗ್ರಾಂ. ಗಟ್ಟಿ ಉಂಡೆ ಹದದಲ್ಲಿ, ಶೇಕಡಾ 92ರಲ್ಲಿ, ಅದು 16 ಗ್ರಾಂಗೆ ಇಳಿದಿರುತ್ತದೆ. ಚಿಕ್ಕಿಗೆ ಬೇಕಾದ ಹದದಲ್ಲಿ ಉಳಿಯುವುದು ಎರಡು ಮೂರು ಗ್ರಾಂ ಮಾತ್ರ. ಮೆತ್ತಗಿನ ಉಂಡೆಗೂ ಪಟ್ಟನೆ ಮುರಿಯುವ ಚಿಕ್ಕಿಗೂ ನಡುವಿನ ಅಂತರ ಇಷ್ಟೇ: ಎರಡು ದೊಡ್ಡ ಚಮಚ ನೀರು.

ಈ ನೀರು ಹೋಗುವ ವೇಗ ಒಂದೇ ಸಮ ಇರುವುದಿಲ್ಲ. ಮೊದಲಿನಲ್ಲಿ ಒಲೆಯ ಶಾಖವೆಲ್ಲ ನೀರನ್ನು ಆವಿ ಮಾಡುವುದರಲ್ಲೇ ಕಳೆಯುತ್ತದೆ, ಪಾಕದ ಬಿಸಿ ನಿಧಾನಕ್ಕೆ ಏರುತ್ತದೆ. ನೀರು ಮುಗಿಯುತ್ತ ಬಂದಾಗ ಅದೇ ಉರಿ ಪಾಕವನ್ನೇ ಕಾಯಿಸತೊಡಗುತ್ತದೆ. ಸಕ್ಕರೆ ಪಾಕದಲ್ಲಿ ಮೆತ್ತಗಿನ ಉಂಡೆ ಹದ ಸುಮಾರು 112ರಿಂದ 116 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಂದರೆ, ಪಟ್ಟನೆ ಮುರಿಯುವ ಹದ 146 ಡಿಗ್ರಿಯಿಂದ ಮೇಲೆ ಬರುತ್ತದೆ. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಗ್ಲೂಕೋಸ್, ಫ್ರಕ್ಟೋಸ್, ಖನಿಜಾಂಶ, ಸ್ವಲ್ಪ ಪ್ರೋಟೀನು ಇರುವುದರಿಂದ ಅದು ಬಿಳಿ ಸಕ್ಕರೆಗಿಂತ ಬೇಗ ಕಪ್ಪಾಗಿ ಕಹಿಯಾಗುತ್ತದೆ. ಹೀಗಾಗಿ ಚಿಕ್ಕಿ ಹದಕ್ಕೂ ಸೀದ ಹದಕ್ಕೂ ನಡುವೆ ಸಿಗುವ ಅವಕಾಶ ಕಿರಿದು. ಮನೆಯ ಅಳತೆಯಲ್ಲಿ, ಮಧ್ಯಮ ಉರಿಯಲ್ಲಿ ಅದು ಒಂದು ನಿಮಿಷಕ್ಕೂ ಕಡಿಮೆ ಇರಬಹುದು.

ಹದಗಳು

ಮೊದಲು ಬರುವುದು ಎಳೆ ಪಾಕ. ಚಮಚದ ತುದಿಯ ಪಾಕ ತುಸು ಆರಿದ ಮೇಲೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹಿಡಿದು ಬಿಡಿಸಿದರೆ ಒಂದು ಎಳೆ ಏಳುತ್ತದೆ. ಈ ಹಂತದಲ್ಲಿ ನೀರಿಗೆ ಬಿಟ್ಟ ಹನಿ ಉಂಡೆಯಾಗುವುದಿಲ್ಲ, ಹರಡಿ ಕರಗುತ್ತದೆ. ಪಾಕವನ್ನು ಹಿಟ್ಟೋ ಬೂಂದಿಯೋ ಹೀರಿಕೊಳ್ಳಬೇಕಾದ ತಿನಿಸುಗಳಿಗೆ ಇದು ಸಾಕು. ಇನ್ನೂ ತುಸು ಕುದಿಸಿದರೆ ಒಂದರ ಬದಲು ಎರಡು ಎಳೆ ಬರುತ್ತವೆ. ಮುಂದಿನ ಹದಗಳಲ್ಲೂ ಎಳೆ ಬರುವುದರಿಂದ, ಎಳೆ ಎಣಿಸುವುದು ಇಲ್ಲಿಂದ ಮುಂದೆ ಉಪಯೋಗಕ್ಕೆ ಬರುವುದಿಲ್ಲ.

ಎರಡನೆಯದು ಉಂಡೆ ಪಾಕ. ನೀರಿಗೆ ಬಿಟ್ಟ ಹನಿ ಕರಗದೆ ತಳದಲ್ಲಿ ನಿಲ್ಲುತ್ತದೆ, ಬೆರಳಿನಿಂದ ಗುಡ್ಡೆ ಮಾಡಿದರೆ ಒಂದುಗೂಡುತ್ತದೆ. ನೀರಿನಿಂದ ಎತ್ತಿ ಅಂಗೈಯಲ್ಲಿಟ್ಟರೆ ನಿಧಾನವಾಗಿ ಚಪ್ಪಟೆಯಾಗುತ್ತದೆ. ಅಕ್ಕಿ ಹಿಟ್ಟು ಬೆರೆಸುವ ಕಜ್ಜಾಯಕ್ಕೆ ಈ ಮೆತ್ತಗಿನ ಉಂಡೆಯೇ ಬೇಕು. ಎಳ್ಳುಂಡೆಗೂ ಕಡಲೆಕಾಯಿ ಉಂಡೆಗೂ ಇದಕ್ಕಿಂತ ತುಸು ಮುಂದೆ ಹೋಗಿ, ಅಂಗೈಯಲ್ಲಿ ಚಪ್ಪಟೆಯಾಗದೆ ನಿಂತು ಒತ್ತಿದರೆ ಮಾತ್ರ ಬಗ್ಗುವ ಉಂಡೆ ಬಂದಾಗ ಇಳಿಸುತ್ತಾರೆ.

ಮೂರನೆಯದು ಗಟ್ಟಿ ಉಂಡೆ ಪಾಕ. ನೀರಿನಿಂದ ತೆಗೆದ ಉಂಡೆ ಆಕಾರ ಬಿಡುವುದಿಲ್ಲ, ಸ್ಟೀಲಿನ ತಟ್ಟೆಗೆ ಹಾಕಿದರೆ ಟಣ್ ಎನ್ನುತ್ತದೆ. ಬಲವಾಗಿ ಒತ್ತಿದರೆ ಮಾತ್ರ ಉಗುರಿನ ಗುರುತು ಬೀಳುತ್ತದೆ. ಪುರಿ ಉಂಡೆ ಮತ್ತು ಅರಳುಂಡೆಗಳು ಈ ಹದವನ್ನು ಕೇಳುತ್ತವೆ.

ಅದರ ಮುಂದೆ ಬರುವುದನ್ನು ಇಲ್ಲಿ ಜಗ್ಗು ಹಂತ ಎಂದು ಕರೆಯಲಾಗಿದೆ. ಹನಿ ನೀರಿನಲ್ಲಿ ಗಟ್ಟಿಯಾಗಿಯೇ ಇರುತ್ತದೆ, ತಟ್ಟೆಯ ಮೇಲೆ ಶಬ್ದವನ್ನೂ ಮಾಡುತ್ತದೆ, ಆದರೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದರೆ ಮುರಿಯದೆ ಬಾಗುತ್ತದೆ, ಕಚ್ಚಿದರೆ ದವಡೆ ಹಲ್ಲಿಗೆ ಅಂಟುತ್ತದೆ. ಮನೆಯ ತಿನಿಸುಗಳಲ್ಲಿ ಬಹುಶಃ ಯಾವುದಕ್ಕೂ ಬೇಡವಾದ ಹಂತ ಇದು. ಕೆಟ್ಟ ಚಿಕ್ಕಿಗಳಲ್ಲಿ ಹೆಚ್ಚಿನವು ಇಲ್ಲೇ ನಿಂತುಹೋದವು.

ಕೊನೆಯದು ಚಿಕ್ಕಿ ಪಾಕ. ನೀರಿಗೆ ಬಿದ್ದ ಹನಿ ಕೂಡಲೇ ಬಿಗಿಯುತ್ತದೆ, ಕೆಲವೊಮ್ಮೆ ಸಣ್ಣಗೆ ಚಿಟಪಟ ಎನ್ನುವುದೂ ಉಂಟು. ತೆಗೆದು ಬಗ್ಗಿಸಿದರೆ ಬಾಗದೆ ಪಟ್ಟನೆ ಮುರಿಯುತ್ತದೆ, ಮುರಿದ ಅಂಚು ಚೂಪಾಗಿ ಹೊಳೆಯುತ್ತದೆ, ಕಚ್ಚಿದರೆ ಪುಡಿಯಾಗುತ್ತದೆ, ಹಲ್ಲಿಗೆ ಅಂಟುವುದಿಲ್ಲ. ಇಲ್ಲಿ ಪಾಕ ಹರಳುಗಟ್ಟಿರುವುದಿಲ್ಲ; ತಣಿದು ಗಾಜಿನ ಸ್ಥಿತಿಗೆ ಬಂದಿರುತ್ತದೆ. ಇದನ್ನೂ ಮೀರಿದರೆ ಹೊಗೆ, ಕಪ್ಪು, ಕಹಿ.

ತಣ್ಣೀರಿನ ಪರೀಕ್ಷೆ

ಬಟ್ಟಲಿನಲ್ಲಿ ಕೋಣೆಯ ಉಷ್ಣತೆಯ ನೀರು ತೆಗೆದುಕೊಂಡು, ಅದಕ್ಕೆ ಕಾಲು ಚಮಚದಷ್ಟು ಪಾಕ ಬಿಟ್ಟು, ಹತ್ತು ಸೆಕೆಂಡು ಕಾದು, ಬೆರಳಿನಿಂದ ನೋಡುವುದು ಪರೀಕ್ಷೆಯ ಕ್ರಮ. ಇದರಲ್ಲಿ ಮೂರು ವಿಷಯಗಳು ಫಲಿತಾಂಶವನ್ನು ಬದಲಿಸುತ್ತವೆ.

ಮೊದಲನೆಯದು ನೀರಿನ ತಂಪು. ಬೆಲ್ಲದ ಪಾಕದ ಗಟ್ಟಿತನ ಉಷ್ಣತೆಯನ್ನು ಅವಲಂಬಿಸಿದೆ. ತಂಪು ಹೆಚ್ಚಾದರೆ ಅದೇ ಪಾಕ ಇನ್ನೂ ಗಟ್ಟಿಯಾಗಿ ಕಾಣುತ್ತದೆ. ಫ್ರಿಜ್ಜಿನ ನೀರಿಗೋ ಮಂಜುಗಡ್ಡೆ ಹಾಕಿದ ನೀರಿಗೋ ಬಿಟ್ಟರೆ ಜಗ್ಗು ಹಂತದ ಹನಿಯೂ ಪಟ್ಟನೆ ಮುರಿಯಬಹುದು. ಅದನ್ನು ನಂಬಿ ಇಳಿಸಿದ ಚಿಕ್ಕಿ ಡಬ್ಬಿಯಲ್ಲಿ ಬಗ್ಗುತ್ತದೆ. ಚಿಕ್ಕಿಯನ್ನು ತಿನ್ನುವುದು ಕೋಣೆಯ ಉಷ್ಣತೆಯಲ್ಲಾದ್ದರಿಂದ ಪರೀಕ್ಷೆಗೂ ಕೊಡದ ನೀರೋ ನಲ್ಲಿಯ ನೀರೋ ಸರಿ. ಅನೇಕ ಪಾಕವಿಧಾನಗಳಲ್ಲಿ ಐಸ್ ನೀರು ಎಂದು ಬರೆದಿರುವುದು ಈ ಕಾರಣಕ್ಕೆ ತಪ್ಪು ದಾರಿ ಹಿಡಿಸುತ್ತದೆ.

ಎರಡನೆಯದು ಹನಿಯ ಗಾತ್ರ ಮತ್ತು ಕಾಯುವ ಹೊತ್ತು. ದೊಡ್ಡ ಹನಿಯ ಒಳಗೆ ಬಿಸಿ ಉಳಿದು, ಹೊರಗೆ ಗಟ್ಟಿ ಒಳಗೆ ಮೆತ್ತಗೆ ಇರುತ್ತದೆ. ಚಿಕ್ಕಿ ಹದ ಬಂದಿದ್ದರೂ ಬಂದಿಲ್ಲ ಅನ್ನಿಸುತ್ತದೆ. ಹನಿಯನ್ನು ಬಹಳ ಹೊತ್ತು ನೀರಿನಲ್ಲೇ ಬಿಟ್ಟರೆ ಅದರ ಮೇಲ್ಮೈ ನೀರು ಕುಡಿದು ಅಂಟಾಗುತ್ತದೆ. ಪ್ರತಿ ಪರೀಕ್ಷೆಗೂ ನೀರು ಬದಲಿಸಬೇಕೆನ್ನುವುದೂ ಇದಕ್ಕೇ: ಹಿಂದಿನ ಹನಿಗಳಿಂದ ನೀರು ಬೆಚ್ಚಗಾಗಿ, ಬಣ್ಣ ತಿರುಗಿ, ತಳ ಕಾಣದಂತಾಗುತ್ತದೆ.

ಮೂರನೆಯದು ಒಲೆ. ಹನಿ ಬಿಟ್ಟು, ಕಾದು, ಮುರಿದು ನೋಡುವುದರೊಳಗೆ ಹದಿನೈದು ಇಪ್ಪತ್ತು ಸೆಕೆಂಡು ಹೋಗುತ್ತದೆ. ಆ ಹೊತ್ತಿನಲ್ಲಿ ಬಾಣಲೆಯ ಪಾಕ ಮುಂದಕ್ಕೆ ಹೋಗಿರುತ್ತದೆ. ಉಂಡೆ ಪಾಕದವರೆಗೆ ಇದರಿಂದ ಹೆಚ್ಚು ನಷ್ಟವಿಲ್ಲ. ಗಟ್ಟಿ ಉಂಡೆ ದಾಟಿದ ಮೇಲೆ ಮಾತ್ರ ಪ್ರತಿ ಪರೀಕ್ಷೆಗೂ ಒಲೆ ಆರಿಸುವುದು ಅಗತ್ಯ. ದಪ್ಪ ಕಬ್ಬಿಣದ ಬಾಣಲೆ ಒಲೆ ಆರಿಸಿದ ಮೇಲೂ ಪಾಕವನ್ನು ಕಾಯಿಸುತ್ತಿರುತ್ತದೆ, ಆದ್ದರಿಂದ ಅದರಲ್ಲಿ ಹದಕ್ಕೆ ಕೂದಲೆಳೆಯಷ್ಟು ಮೊದಲೇ ಆರಿಸುವ ರೂಢಿಯಿದೆ.

ಪಾಕದ ಬಿಸಿ ಕುದಿಯುವ ನೀರಿಗಿಂತ ಹೆಚ್ಚು, ಮತ್ತು ಅದು ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಬಾಣಲೆಯಿಂದ ನೇರವಾಗಿ ಬೆರಳಿಗೆ ತೆಗೆಯಬಾರದು.

ಶಬ್ದ ಮತ್ತು ಮುರಿತ

ತಟ್ಟೆಗೆ ಬಡಿದಾಗ ಬರುವ ಟಣ್ ಶಬ್ದವನ್ನೇ ಚಿಕ್ಕಿಯ ಗುರುತೆಂದು ಹೇಳುವುದು ಸಾಮಾನ್ಯ. ಆದರೆ ಶಬ್ದ ತಿಳಿಸುವುದು ಗಟ್ಟಿತನವನ್ನು, ಮುರಿಯುವ ಗುಣವನ್ನಲ್ಲ. ಗಟ್ಟಿ ಉಂಡೆ ಪಾಕ, ಜಗ್ಗು ಹಂತ, ಚಿಕ್ಕಿ ಪಾಕ ಮೂರರಲ್ಲೂ ಶಬ್ದ ಬರುತ್ತದೆ. ಪುರಿ ಉಂಡೆಗೆ ಪಾಕ ಇಳಿಸಲು ಟಣ್ ಶಬ್ದ ಸಾಕಾದ ಗುರುತು, ಚಿಕ್ಕಿಗೆ ಸಾಲದು. ಶಬ್ದ ಬಂದ ಮೇಲೆ ಹನಿಯನ್ನು ಬಗ್ಗಿಸಿ ನೋಡಬೇಕು, ಮುರಿದರೆ ಕಚ್ಚಿ ನೋಡಬೇಕು. ಬಾಗುವುದಕ್ಕೂ ಮುರಿಯುವುದಕ್ಕೂ ನಡುವಿನ ಈ ವ್ಯತ್ಯಾಸವೇ ಚಿಕ್ಕಿ ಪಾಕದ ನಿರ್ಣಾಯಕ ಪರೀಕ್ಷೆ.

ಬಗ್ಗಿಸಲು ಉಂಡೆಗಿಂತ ಎಳೆ ಅನುಕೂಲ. ಹನಿಯನ್ನು ನೀರಿಗೆ ಬಿಡುವಾಗ ಚಮಚವನ್ನು ತುಸು ಎಳೆದರೆ ಪಾಕ ಉದ್ದವಾದ ಬಾಲದಂತೆ ಬೀಳುತ್ತದೆ. ಬಾಲ ಮುರಿದು ದಪ್ಪಗಿನ ಭಾಗ ಬಾಗಿದರೆ ಹದ ಇನ್ನೂ ಬಂದಿಲ್ಲ, ಒಂದೆರಡು ಕುದಿಯಷ್ಟು ಬಾಕಿಯಿದೆ ಎಂದರ್ಥ. ದಪ್ಪ ಭಾಗವೂ ಮುರಿಯಬೇಕು.

ಕಣ್ಣು ಮತ್ತು ಮೂಗಿನ ಗುರುತುಗಳು

ನೊರೆ, ಬಣ್ಣ, ವಾಸನೆಗಳು ಹದ ಹೇಳುವುದಿಲ್ಲ. ಯಾವಾಗ ಪರೀಕ್ಷೆ ಶುರು ಮಾಡಬೇಕೆಂಬುದನ್ನು ಅವು ತಿಳಿಸುತ್ತವೆ.

ಕುದಿ ಹತ್ತಿದಾಗ ಪಾಕ ನೊರೆಯುಕ್ಕಿ ಮೇಲೇರುತ್ತದೆ. ನೀರು ಇಳಿದಂತೆ ನೊರೆ ತಗ್ಗಿ, ದೊಡ್ಡ ಗುಳ್ಳೆಗಳು ನಿಧಾನವಾಗಿ ಒಡೆಯತೊಡಗುತ್ತವೆ. ಉಂಡೆ ಪಾಕ ಸಮೀಪಿಸಿದ್ದು ಆಗ. ಇನ್ನೂ ಮುಂದೆ ಗುಳ್ಳೆಗಳು ಚಿಕ್ಕದಾಗಿ, ಒತ್ತೊತ್ತಾಗಿ, ಮಂದವಾಗಿ, ಇಡೀ ಪಾಕ ಹೊಳಪಿನ ನೊರೆಯಾಗಿ ಸೌಟನ್ನು ಹಿಡಿದೆಳೆಯುತ್ತದೆ. ಸೌಟನ್ನು ಎತ್ತಿದರೆ ಕೊನೆಯ ಹನಿ ಬೀಳದೆ ಕೂದಲಿನಂಥ ಎಳೆಯಾಗಿ ತೇಲುತ್ತದೆ. ಚಿಕ್ಕಿ ಪಾಕಕ್ಕೆ ಇದು ಹತ್ತಿರದ ಸೂಚನೆ.

ಬಿಳಿ ಸಕ್ಕರೆಯ ಪಾಕದಲ್ಲಿ ಬಣ್ಣ ತಿರುಗುವುದು ಒಳ್ಳೆಯ ಗುರುತು. ಬೆಲ್ಲದಲ್ಲಿ ಅದು ಕೆಲಸಕ್ಕೆ ಬಾರದು, ಏಕೆಂದರೆ ಬೆಲ್ಲ ಮೊದಲೇ ಕಂದು. ಹಳದಿ ಬೆಲ್ಲದ ಚಿಕ್ಕಿ ಪಾಕವೂ ಕಪ್ಪು ಬೆಲ್ಲದ ಎಳೆ ಪಾಕವೂ ಒಂದೇ ಬಣ್ಣಕ್ಕೆ ಬರಬಹುದು. ವಾಸನೆ ಇದಕ್ಕಿಂತ ನಂಬಿಕಸ್ಥ: ಹಸಿ ಕಬ್ಬಿನ ವಾಸನೆ ಹೋಗಿ ಘಮ್ಮೆನ್ನುವ ಹುರಿದ ವಾಸನೆ ಬಂದರೆ ಚಿಕ್ಕಿ ಹದ ಹತ್ತಿರ, ಮೂಗಿಗೆ ಚುಚ್ಚುವ ಕಮಟು ವಾಸನೆ ಬಂದರೆ ತಡವಾಗಿದೆ.

ಒಂದು ಚಿಕ್ಕಿಯ ಪಾಕ

250 ಗ್ರಾಂ ಹುರಿದು ಸಿಪ್ಪೆ ತೆಗೆದು ಬೇಳೆ ಮಾಡಿದ ಕಡಲೆಕಾಯಿ ಬೀಜಕ್ಕೆ 200 ಗ್ರಾಂ ಪುಡಿ ಮಾಡಿದ ಬೆಲ್ಲ, 50 ಮಿಲಿಲೀಟರ್ ನೀರು ಎಂದಿಟ್ಟುಕೊಳ್ಳಬಹುದು. ಬೆಲ್ಲವನ್ನು ಸಣ್ಣ ಉರಿಯಲ್ಲಿ ಕರಗಿಸಿ, ಕುದಿ ಬರುವ ಮುಂಚೆಯೇ ಸೋಸಿ, ಮರಳು ಕಸ ತೆಗೆಯುತ್ತಾರೆ. ಕುದಿದ ಮೇಲೆ ಸೋಸಿದರೆ ಪಾಕದ ಒಂದು ಪಾಲು ಜರಡಿಯಲ್ಲೇ ಉಳಿಯುತ್ತದೆ. ಸೋಸಿದ್ದನ್ನು ದಪ್ಪ ತಳದ ಬಾಣಲೆಗೆ ಹಾಕಿ ಮಧ್ಯಮ ಉರಿಯಲ್ಲಿ ಕುದಿಸಬೇಕು. ಪಾಕ ಏರುವಷ್ಟರಲ್ಲಿ ಮಣೆಗೋ ಕಲ್ಲಿಗೋ ತಟ್ಟೆಯ ಬೆನ್ನಿಗೋ ತುಪ್ಪ ಸವರಿ, ಲಟ್ಟಣಿಗೆಗೂ ಸವರಿ ಸಿದ್ಧವಾಗಿಡಬೇಕು, ಏಕೆಂದರೆ ಆಮೇಲೆ ಹೊತ್ತು ಸಿಗುವುದಿಲ್ಲ.

ಹಾಕಿದ ನೀರು ಕಡಿಮೆಯಾದ್ದರಿಂದ ಎಳೆ ಪಾಕ ಕುದಿ ಹತ್ತಿದ ಸ್ವಲ್ಪ ಹೊತ್ತಿಗೇ ಬಂದುಬಿಡುತ್ತದೆ. ನೊರೆ ತಗ್ಗಿದ ಮೇಲೆ ಮೊದಲ ಹನಿ ನೋಡಬೇಕು. ಅದು ಅಂಗೈಯಲ್ಲಿ ಚಪ್ಪಟೆಯಾದರೆ ಉಂಡೆ ಪಾಕ. ಇಲ್ಲಿಂದ ಉರಿ ಸಣ್ಣದು ಮಾಡುವುದು ಲೇಸು. ಮುಂದಿನ ಹನಿ ತಟ್ಟೆಯಲ್ಲಿ ಟಣ್ ಎಂದರೆ ಅಲ್ಲಿಗೆ ಅರ್ಧ ದಾರಿಯಷ್ಟೇ ಮುಗಿದಿದೆ, ಇನ್ನೂ ಹದಿಮೂರು ಗ್ರಾಂನಷ್ಟು ನೀರು ಹೋಗಬೇಕು. ಒಂದು ಚಮಚ ತುಪ್ಪ ಹಾಕುವ ಹೊತ್ತು ಇದು; ತುಪ್ಪ ನೊರೆಯನ್ನು ತಗ್ಗಿಸುತ್ತದೆ, ತುಂಡು ಮಾಡುವಾಗ ಅಂಟನ್ನೂ ಕಡಿಮೆ ಮಾಡುತ್ತದೆ. ಇದಾದ ಮೇಲೆ ಸುಮಾರು ಅರ್ಧ ನಿಮಿಷಕ್ಕೊಮ್ಮೆ ಒಲೆ ಆರಿಸಿ ಹನಿ ನೋಡುತ್ತ ಹೋಗಬೇಕು. ಬಾಗಿದ ಹನಿ, ಆಮೇಲೆ ಬಾಲ ಮಾತ್ರ ಮುರಿದ ಹನಿ, ಕೊನೆಗೆ ಇಡಿಯಾಗಿ ಮುರಿದು ಹಲ್ಲಿಗೆ ಅಂಟದ ಹನಿ ಈ ಕ್ರಮದಲ್ಲಿ ಸಿಗುತ್ತವೆ.

ಹದ ಸಿಕ್ಕ ಕೂಡಲೇ ಬೀಜ ಸುರಿದು ನಾಲ್ಕೈದು ಸಲ ಕಲಸಿ, ಮಣೆಗೆ ಹಾಕಿ ಲಟ್ಟಿಸಬೇಕು. ಬೀಜ ಬೆಚ್ಚಗಿರಬೇಕು. ತಣ್ಣಗಿನ ಬೀಜ ಪಾಕದ ಬಿಸಿಯನ್ನು ಹೀರಿ, ಅದು ಎಲ್ಲ ಕಡೆ ಹಬ್ಬುವ ಮೊದಲೇ ಬಾಣಲೆಯಲ್ಲಿ ಬಿಗಿದುಕೊಳ್ಳುವಂತೆ ಮಾಡುತ್ತದೆ. ಹದ ತಪ್ಪಿಲ್ಲದಿದ್ದರೂ ಹದ ಏರಿತೆಂಬ ಭ್ರಮೆ ಹುಟ್ಟುವುದು ಹೀಗೆ. ಲಟ್ಟಿಸಿದ ಒಂದೆರಡು ನಿಮಿಷದೊಳಗೆ ಚಾಕುವಿನಿಂದ ಗೆರೆ ಎಳೆದಿಡಬೇಕು, ಪೂರ್ತಿ ಆರಿದ ಮೇಲೆ ಗೆರೆಯಲ್ಲಿ ಮುರಿಯಬೇಕು.

ಕೆಲವರು ಹದ ಬಂದ ಮೇಲೆ ಚಿಟಿಕೆ ಅಡುಗೆ ಸೋಡ ಹಾಕುತ್ತಾರೆ. ಬಿಸಿಗೆ ಸೋಡದಿಂದ ಹುಟ್ಟುವ ಅನಿಲ ಪಾಕದಲ್ಲಿ ಸಣ್ಣ ಗುಳ್ಳೆಗಳಾಗಿ ಸಿಕ್ಕಿಕೊಂಡು ಚಿಕ್ಕಿ ಹಗುರವಾಗುತ್ತದೆ. ಇದು ಹದಕ್ಕೆ ಬದಲಿಯಲ್ಲ: ಜಗ್ಗು ಹಂತದ ಪಾಕಕ್ಕೆ ಸೋಡ ಹಾಕಿದರೆ ಗುಳ್ಳೆಯಿರುವ ಜಗ್ಗು ಚಿಕ್ಕಿ ಸಿಗುತ್ತದೆ.

ಉಂಡೆಗಳಲ್ಲಿ ಹದ

ಚಿಕ್ಕಿಯನ್ನು ಪಾಕವೇ ಗಟ್ಟಿಯಾಗಿ ಹಿಡಿದಿಟ್ಟರೆ, ಉಂಡೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಪಾಕ ತಣಿದು ಮಂದವಾಗುವುದು ಒಂದು. ಕಲಸಿ ಒತ್ತಿ ಕಟ್ಟುವಾಗ ಅದರ ಸಕ್ಕರೆಯಂಶ ಸಣ್ಣಗೆ ಹರಳುಗಟ್ಟಿ ಒಣಗುವುದು ಇನ್ನೊಂದು. ಕಟ್ಟುವಾಗ ಕೈಗಂಟುವ ಎಳ್ಳುಂಡೆ ಮರುದಿನಕ್ಕೆ ಒಣಗಿ ನಿಲ್ಲುವುದು ಎರಡನೆಯದರಿಂದ. ಹೀಗಾಗಿ ಉಂಡೆಗೆ ಪಾಕದ ಹದದಲ್ಲಿ ತುಸು ಹೆಚ್ಚುಕಡಿಮೆಯಾದರೂ ನಡೆಯುತ್ತದೆ, ಚಿಕ್ಕಿಗೆ ನಡೆಯುವುದಿಲ್ಲ.

ಯಾವ ಉಂಡೆಗೆ ಯಾವ ಹದ ಎಂಬುದನ್ನು ಒಳಗಿನ ಸಾಮಗ್ರಿ ನಿರ್ಧರಿಸುತ್ತದೆ. ಎಳ್ಳು, ಶೇಂಗಾ ಎಣ್ಣೆಯ ಕಾಳುಗಳು. ಪಾಕದ ನೀರನ್ನು ಅಷ್ಟಾಗಿ ಹೀರುವುದಿಲ್ಲ. ಅವಕ್ಕೆ ಉಂಡೆ ಪಾಕ ಸಾಕು, ಮತ್ತು ಅದರಿಂದ ಹಲ್ಲಿಗೆ ಮೆತ್ತಗಿರುವ ಉಂಡೆ ಸಿಗುತ್ತದೆ. ಪುರಿ, ಅರಳು ಹಾಗಲ್ಲ. ಪಾಕದಲ್ಲಿ ಸ್ವಲ್ಪ ನೀರು ಉಳಿದಿದ್ದರೂ ಅದನ್ನು ಹೀರಿ ಮೆತ್ತಗಾಗುತ್ತವೆ. ಅವಕ್ಕೆ ಗಟ್ಟಿ ಉಂಡೆ ಪಾಕವೇ ಬೇಕಾಗುವುದು ಇದಕ್ಕಾಗಿ. ಆದರೆ ಆ ಪಾಕ ಬೇಗ ಬಿಗಿಯುವುದರಿಂದ ಪುರಿ ಉಂಡೆಯನ್ನು ಬಿಸಿಯಿರುವಾಗಲೇ, ಕೈಗೆ ನೀರೋ ತುಪ್ಪವೋ ಅಕ್ಕಿ ಹಿಟ್ಟೋ ಹಚ್ಚಿಕೊಂಡು, ಇಬ್ಬರು ಮೂವರು ಸೇರಿ ಕಟ್ಟುವ ರೂಢಿಯಿದೆ. ಒಬ್ಬರೇ ಕಟ್ಟುವಾಗ ಕೊನೆಯ ಪಾಲು ಬಾಣಲೆಯಲ್ಲೇ ಗಟ್ಟಿಯಾದರೆ, ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಸಡಿಲಾಗುತ್ತದೆ.

ಉತ್ತರ ಕರ್ನಾಟಕದಲ್ಲಿ ನಾಗರ ಪಂಚಮಿಗೆ ಬಗೆಬಗೆಯ ಉಂಡಿ ಕಟ್ಟುವ ಮನೆಗಳಲ್ಲಿ ಈ ಹದಗಳು ಒಂದೇ ದಿನ ಒಂದರ ಹಿಂದೊಂದು ಬರುತ್ತವೆ. ಎಳ್ಳು ಮತ್ತು ಬೆಲ್ಲವನ್ನು ಕುಟ್ಟಿ ಮಾಡುವ ಚಿಗಳಿಗೆ ಮಾತ್ರ ಪಾಕವೇ ಬೇಡ. ಎಳ್ಳಿನ ಎಣ್ಣೆಯೇ ಅದನ್ನು ಹಿಡಿದಿಡುತ್ತದೆ.

ದೋಷಗಳು ಮತ್ತು ತಿದ್ದುವ ಬಗೆ

ಚಿಕ್ಕಿ ಬಾಗಿ ಹಲ್ಲಿಗೆ ಅಂಟಿದರೆ ಪಾಕ ಜಗ್ಗು ಹಂತದಲ್ಲೇ ಇಳಿದಿದೆ. ಬೀಜ ಹಾಕುವ ಮೊದಲು ಗೊತ್ತಾದರೆ ಮತ್ತೆ ಒಲೆಯ ಮೇಲಿಟ್ಟು ಮುಂದಕ್ಕೆ ಒಯ್ಯಬಹುದು. ಬೀಜ ಹಾಕಿದ ಮೇಲೆ ಅದು ಕಷ್ಟ, ಏಕೆಂದರೆ ಪಾಕದ ನೀರು ಹೋಗುವಷ್ಟರಲ್ಲಿ ಬೀಜ ಸೀಯುತ್ತದೆ. ಆಗ ಆ ಮಿಶ್ರಣವನ್ನು ಬಿಸಿಯಿರುವಾಗಲೇ ಉಂಡೆ ಕಟ್ಟಿಬಿಡುವುದು ಜಾಣತನ.

ಪಾಕ ಬೇಕಾದುದಕ್ಕಿಂತ ಏರಿ, ಆದರೆ ಇನ್ನೂ ಸೀಯದಿದ್ದರೆ, ಒಂದೆರಡು ಚಮಚ ಬಿಸಿನೀರು ಹಾಕಿ ಕರಗಿಸಿ ಮತ್ತೆ ಹದ ನೋಡಬಹುದು. ನೀರು ಬಿದ್ದಾಗ ಪಾಕ ಜೋರಾಗಿ ಸಿಡಿಯುತ್ತದೆ, ಆದ್ದರಿಂದ ಒಲೆ ಆರಿಸಿ, ದೂರ ನಿಂತು, ಅಂಚಿನಿಂದ ಸುರಿಯಬೇಕು. ಕಮಟು ವಾಸನೆ ಬಂದ ಪಾಕಕ್ಕೆ ನೀರು ಹಾಕಿದರೆ ಗಟ್ಟಿತನ ಹಿಂದೆ ಬರುತ್ತದೆ, ಕಹಿ ಹೋಗುವುದಿಲ್ಲ.

ಉಂಡೆ ಕಟ್ಟಿದ ಮೇಲೆ ಚಪ್ಪಟೆಯಾಗಿ ಕೂತರೆ ಪಾಕ ಎಳಸು. ಕಲ್ಲಿನಂತೆ ಗಟ್ಟಿಯಾದರೆ ಪಾಕ ಏರಿದೆ. ಕಟ್ಟುವಾಗಲೇ ಪುಡಿಪುಡಿಯಾಗಿ ಉದುರಿದರೆ ಎರಡು ಕಾರಣಗಳಿರಬಹುದು: ಪಾಕದ ಅಳತೆ ಕಡಿಮೆಯಾಗಿದೆ, ಅಥವಾ ಹೆಚ್ಚು ಕಲಕಿ ಅದು ಬಾಣಲೆಯಲ್ಲೇ ಹರಳುಗಟ್ಟಿದೆ. ಮಿಶ್ರಣವನ್ನು ಬೆಚ್ಚಗೆ ಮಾಡಿದರೆ ಮತ್ತೆ ಕೂಡಿಕೊಳ್ಳುತ್ತದೆಯೋ ಇಲ್ಲವೋ ನೋಡಿದರೆ ಕಾರಣ ತಿಳಿಯುತ್ತದೆ. ಬಿಸಿಗೂ ಕೂಡದಿದ್ದರೆ ಪಾಕ ಸಾಲದು.

ಮುರಿದಾಗ ಗರಿಗರಿಯಾಗಿದ್ದ ಚಿಕ್ಕಿ ಮರುದಿನ ಮೇಲ್ಮೈಯಲ್ಲಿ ಅಂಟಾದರೆ ಅದು ಹದದ ದೋಷವಲ್ಲ, ತೇವದ್ದು. ಗಾಜಿನ ಸ್ಥಿತಿಯ ಬೆಲ್ಲ ಗಾಳಿಯ ತೇವವನ್ನು ಹೀರುತ್ತದೆ. ಮಂಗಳೂರು, ಉಡುಪಿಯಂಥ ಕರಾವಳಿಯಲ್ಲಿ, ಮಳೆಗಾಲದಲ್ಲಿ, ತಟ್ಟೆಯಲ್ಲಿ ಬಿಟ್ಟ ಚಿಕ್ಕಿ ಬೇಗ ಬೆವರುತ್ತದೆ. ಆರಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ಹಾಕುವುದೊಂದೇ ದಾರಿ.

ಬೆಲ್ಲದ ಗುಣ

ಎಷ್ಟು ಜಾಗ್ರತೆಯಿಂದ ಹನಿ ನೋಡಿದರೂ ಕೆಲವು ಬೆಲ್ಲ ಚಿಕ್ಕಿ ಹದಕ್ಕೆ ಬರುವುದಿಲ್ಲ. ಜಗ್ಗು ಹಂತದಿಂದ ನೇರವಾಗಿ ಸೀದ ವಾಸನೆಗೆ ಹೋಗುತ್ತದೆ. ಕಬ್ಬು ಕಡಿದು ಬಹಳ ದಿನ ಬಿದ್ದಿದ್ದರೆ, ಅಥವಾ ಕಬ್ಬಿನ ಹಾಲಿನ ಹುಳಿ ಸರಿಯಾಗಿ ತೆಗೆಯದಿದ್ದರೆ, ಸಕ್ಕರೆಯ ಒಂದು ಪಾಲು ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದಿರುತ್ತದೆ. ಇವು ಹೆಚ್ಚಾದ ಬೆಲ್ಲ ಮೆತ್ತಗೆ, ಅಂಟಂಟಾಗಿ ಇರುತ್ತದೆ, ಬೇಗ ಕಪ್ಪಾಗುತ್ತದೆ, ತೇವ ಎಳೆಯುತ್ತದೆ. ಕೊಳ್ಳುವಾಗ ಪರೀಕ್ಷೆ ಸುಲಭ. ಅಚ್ಚನ್ನು ಒಡೆದಾಗ ಗಟ್ಟಿಯಾಗಿ, ಒಳಗೆ ಹರಳು ಕಾಣುವಂತೆ ಮುರಿದರೆ ಚಿಕ್ಕಿಗೆ ಆಗುತ್ತದೆ. ಬೆರಳಿಗೆ ಒತ್ತಿ ಗುರುತು ಬಿದ್ದರೆ ಉಂಡೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಮಲೆನಾಡಿನ ಜೋನಿ ಬೆಲ್ಲ ಚಿಕ್ಕಿಗೆ ಒಗ್ಗುವುದಿಲ್ಲ.

ಅಂಟು ಬೆಲ್ಲವೇ ಇದ್ದಾಗ ಅದರ ಕಾಲು ಭಾಗವನ್ನು ಸಕ್ಕರೆಯಿಂದ ಬದಲಿಸಿದರೆ ಮುರಿತ ಉತ್ತಮವಾಗುತ್ತದೆ. ಹದದ ಪರೀಕ್ಷೆ ಆಗಲೂ ಅದೇ.

ಈಗಿನ ಸ್ಥಿತಿ

ಚಿಕ್ಕಿ ಇಂದು ಭಾರತದಲ್ಲಿ ಹಲವು ಊರುಗಳ ಹೆಸರಿನಲ್ಲಿ ಮಾರಾಟವಾಗುವ ತಿನಿಸು. ಮಹಾರಾಷ್ಟ್ರದ ಲೋಣಾವಳದ ಚಿಕ್ಕಿ ಪ್ರಸಿದ್ಧ. ತಮಿಳುನಾಡಿನ ಕೋವಿಲ್‌ಪಟ್ಟಿಯ ಕಡಲೆ ಮಿಠಾಯಿಗೆ 2020ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಕರ್ನಾಟಕದಲ್ಲಿ ಗೋಕಾಕ ಮತ್ತು ಅಮೀನಗಡದ ಕರದಂಟು ಬೆಲ್ಲದ ಪಾಕದಲ್ಲಿ ಅಂಟು, ಒಣಹಣ್ಣುಗಳನ್ನು ಕಟ್ಟುವ ತಿನಿಸು. ಅದು ಜಗಿಯುವಂತಿರಬೇಕಾದ್ದರಿಂದ ಅದರ ಪಾಕ ಚಿಕ್ಕಿಯಷ್ಟು ಏರುವುದಿಲ್ಲ.

ದೊಡ್ಡ ಕಾರ್ಖಾನೆಗಳಲ್ಲಿ ಉಷ್ಣತೆ ನಿಯಂತ್ರಿಸುವ ಕಡಾಯಿಗಳಿವೆ, ದ್ರವ ಗ್ಲೂಕೋಸ್ ಬೆರೆಸಿ ಪಾಕ ಹರಳುಗಟ್ಟದಂತೆ ನೋಡಿಕೊಳ್ಳುವುದೂ ಇದೆ. ಮನೆಯಲ್ಲಿ ಉಷ್ಣಮಾಪಕ ಬಳಸುವವರಿಗೆ ಎರಡು ತೊಡಕುಗಳು ಎದುರಾಗುತ್ತವೆ. 200 ಗ್ರಾಂ ಬೆಲ್ಲದ ಪಾಕ ಅಗಲ ಬಾಣಲೆಯಲ್ಲಿ ಒಂದು ಬೆರಳಷ್ಟೂ ಆಳವಿರದೆ, ಮಾಪಕದ ತುದಿ ಪಾಕಕ್ಕಿಂತ ತಳದ ಬಿಸಿಯನ್ನು ತೋರಿಸುತ್ತದೆ. ಎರಡನೆಯದು ಎತ್ತರದ ಪ್ರಶ್ನೆ. ಸಮುದ್ರಮಟ್ಟಕ್ಕೆ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ಮಂಗಳೂರಿಗೆ ಸರಿಯಾದ ಅಂಕಿಯನ್ನು ಅಲ್ಲಿ ಸುಮಾರು ಮೂರು ಡಿಗ್ರಿ ಇಳಿಸಿಕೊಳ್ಳಬೇಕು. ತಣ್ಣೀರಿನ ಹನಿಗೆ ಈ ತಿದ್ದುಪಡಿ ಬೇಕಿಲ್ಲ. ನೀರಿನಂಶ ಒಂದೇ ಆಗಿದ್ದರೆ ಮಂಗಳೂರಿನಲ್ಲಿ ಮುರಿಯುವ ಹನಿ ಬೆಂಗಳೂರಿನಲ್ಲೂ ಮುರಿಯುತ್ತದೆ.